ಕಪ್ಪು ಪಟ್ಟಿಯ ತಪ್ಪು ಫ್ಲ್ಯಾಶಿನದಲ್ಲ

ನನ್ನ ಚಿಕ್ಕಪ್ಪನ ಮಗಳ ಮದುವೆ ಮಾಟುಂಗದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಆಲ್ಬಮ್ ತಯಾರಾಗುವ ಮೊದಲು ಫೋಟೋಗಳು ಪೆನ್‌ಡ್ರೈವ್‌ನಲ್ಲಿ ಬಂದವು. ಭಾನುವಾರ ಸಂಜೆ ಮನೆಯವರೆಲ್ಲ ಸೇರಿ ಟೀವಿಗೆ ಸಿಕ್ಕಿಸಿಕೊಂಡು ನೋಡುತ್ತಿದ್ದೆವು. ಧಾರೆಯ ಫೋಟೋ ಬಂತು. ಚಿಕ್ಕಪ್ಪ, ಚಿಕ್ಕಮ್ಮ, ಮದುಮಗಳು, ಮದುಮಗ, ಪುರೋಹಿತರು, ಎಲ್ಲರ ಮುಖವೂ ಚೆನ್ನಾಗಿ ಬೆಳಗಿತ್ತು. ಚಿತ್ರದ ಕೆಳಗಿನ ಕಾಲು ಭಾಗ ಮಾತ್ರ ಅಳತೆಪಟ್ಟಿ ಇಟ್ಟು ಮಸಿ ಬಳಿದ ಹಾಗೆ ಕಪ್ಪಾಗಿತ್ತು. ತೊಂಬತ್ತರ ಹತ್ತಿರದ ಅಜ್ಜಿ ಕೇಳಿದ್ದು ಒಂದೇ ಮಾತು: "ಕೈ ಎಲ್ಲೋ?"

ಧಾರೆ ಎಂದರೆ ಕೈಯೇ. ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು ನೀರು ಬಿಡುವ ಆ ಒಂದು ಗಳಿಗೆಗಾಗಿಯೇ ಮಿಕ್ಕ ಎರಡು ದಿನದ ಗದ್ದಲ. ಏಳು ಫೋಟೋ ತೆಗೆದಿದ್ದರು. ಏಳರಲ್ಲೂ ಅದೇ ಪಟ್ಟಿ, ಅದೇ ಜಾಗದಲ್ಲಿ, ಅಷ್ಟೇ ಅಗಲ. ಕೈಯೂ ಇಲ್ಲ, ನೀರೂ ಇಲ್ಲ.

ಫೋಟೋಗ್ರಾಫರನ್ನು ಕೇಳಿದರೆ ಬಂದ ಉತ್ತರ: "ಫ್ಲ್ಯಾಶ್ ಕೈಕೊಡ್ತು ಸಾರ್. ಹೊಸದು ತಗೋಬೇಕು." ಚಿಕ್ಕಪ್ಪ ಬಾಕಿ ಹಣ ಕೊಡುವುದಿಲ್ಲ ಎಂದರು. ಆತ ಕೆಟ್ಟ ಕೆಲಸಗಾರನೇನಲ್ಲ. ಉಳಿದ ಎಂಟುನೂರು ಫೋಟೋಗಳಲ್ಲಿ ಒಳ್ಳೆಯವು ಬೇಕಾದಷ್ಟಿದ್ದವು. ಆದರೆ ಆ ಉತ್ತರ ಸುಳ್ಳು, ಮತ್ತು ಅದು ಅವನೊಬ್ಬನ ಸುಳ್ಳಲ್ಲ. ವಾರಾಂತ್ಯದ ಫೋಟೋಗ್ರಫಿ ಶಿಬಿರಗಳು, ಹತ್ತು ನಿಮಿಷದ ವಿಡಿಯೊಗಳು, ಕ್ಯಾಮೆರಾ ಅಂಗಡಿಯ ಕೌಂಟರುಗಳು ಇವೆಲ್ಲ ಸೇರಿ ಅವನ ಬಾಯಿಗೆ ಹಾಕಿಕೊಟ್ಟ ಸುಳ್ಳು. ನನ್ನ ಜಗಳ ಅವುಗಳ ಜೊತೆಗೆ. ಆ ಏಳು ಫೋಟೋಗಳಲ್ಲಿ ಫ್ಲ್ಯಾಶ್ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ಇಲ್ಲದಿದ್ದರೆ ಮೇಲಿನ ಮುಕ್ಕಾಲು ಭಾಗ ಬೆಳಗಿದ್ದಾದರೂ ಹೇಗೆ? ಕೆಟ್ಟುಹೋದ ಫ್ಲ್ಯಾಶ್ ಅಳತೆ ಹಿಡಿದು ಕಾಲು ಭಾಗ ಬಿಟ್ಟು ಬೆಳಗುವುದಿಲ್ಲ.

ಫೈಲಿನ ವಿವರ ತೆರೆದು ನೋಡಿದೆ. ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್, f/5.6, ಐಎಸ್‌ಒ 400, ಶಟರ್ 1/320. ಉತ್ತರ ಆ ಕೊನೆಯ ಅಂಕಿಯಲ್ಲಿದೆ. ಆದರೆ ಅಂಕಿಯನ್ನು ತೋರಿಸಿ "1/200 ದಾಟಬಾರದಿತ್ತು" ಎಂದು ಮಾತು ಮುಗಿಸುವುದೇ ಈ ರೋಗದ ಮೂಲ. ಯಾಕೆ ದಾಟಬಾರದು ಎಂಬುದನ್ನು ಮೊದಲು ನೋಡೋಣ.

ಇಂಥ ಕ್ಯಾಮೆರಾದ ಶಟರ್ ಒಂದು ಬಾಗಿಲಲ್ಲ, ಎರಡು ಪರದೆ. ಸೆನ್ಸರಿನ ಮುಂದೆ ಒಂದು ಪರದೆ ಮುಚ್ಚಿಕೊಂಡಿರುತ್ತದೆ. ಗುಂಡಿ ಒತ್ತಿದಾಗ ಅದು ಮೇಲಿನಿಂದ ಕೆಳಕ್ಕೆ ಸರಿದು ಸೆನ್ಸರನ್ನು ತೆರೆಯುತ್ತದೆ. ಸ್ವಲ್ಪ ಹೊತ್ತಿನ ನಂತರ ಎರಡನೆಯ ಪರದೆ ಅದೇ ದಿಕ್ಕಿನಲ್ಲಿ ಇಳಿದು ಮುಚ್ಚುತ್ತದೆ. ನಾವು ಶಟರ್ ಸ್ಪೀಡ್ ಎನ್ನುವುದು ಪರದೆ ಓಡುವ ವೇಗವನ್ನಲ್ಲ. ಪರದೆ ಯಾವಾಗಲೂ ಒಂದೇ ವೇಗದಲ್ಲಿ ಓಡುತ್ತದೆ. ಮೊದಲನೆಯದು ಹೊರಟ ಎಷ್ಟು ಹೊತ್ತಿಗೆ ಎರಡನೆಯದು ಹೊರಡುತ್ತದೆ ಎಂಬ ಅಂತರವೇ ಶಟರ್ ಸ್ಪೀಡ್. ಈ ಒಂದು ವಾಕ್ಯವನ್ನು ಯಾವ ಶಿಬಿರದಲ್ಲೂ ಬೋರ್ಡಿನ ಮೇಲೆ ಬರೆದದ್ದನ್ನು ನಾನು ನೋಡಿಲ್ಲ.

ಲೆಕ್ಕ ಮಾಡೋಣ. ಫುಲ್‌ಫ್ರೇಮ್ ಸೆನ್ಸರಿನ ಎತ್ತರ 24 ಮಿಲಿಮೀಟರ್. ಒಂದು ಪರದೆ ಅದನ್ನು ದಾಟಲು ಸುಮಾರು 4 ಮಿಲಿಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಆದರೆ ಈ ಆಸುಪಾಸಿನಲ್ಲೇ. ಅಂದರೆ ಪ್ರತಿ ಮಿಲಿಸೆಕೆಂಡಿಗೆ 6 ಮಿಲಿಮೀಟರ್. ಶಟರ್ 1/200 ಇದ್ದರೆ ಎರಡನೆಯ ಪರದೆ ಹೊರಡುವುದು 5 ಮಿಲಿಸೆಕೆಂಡಿಗೆ. ಮೊದಲನೆಯದು 4ಕ್ಕೇ ಕೆಳಗೆ ತಲುಪಿರುತ್ತದೆ. ನಡುವೆ ಒಂದು ಮಿಲಿಸೆಕೆಂಡು ಇಡೀ ಸೆನ್ಸರ್ ಬಯಲಾಗಿರುತ್ತದೆ. ಮೊದಲ ಪರದೆ ಪೂರ್ತಿ ಇಳಿದ ತಕ್ಷಣ ಕ್ಯಾಮೆರಾ ಫ್ಲ್ಯಾಶಿಗೆ ಸೂಚನೆ ಕಳಿಸುತ್ತದೆ, ಆ ಬಯಲಿನ ಮೇಲೆ ಫ್ಲ್ಯಾಶ್ ಮಿಂಚುತ್ತದೆ. ಎಲ್ಲ ಸರಿ.

ಈಗ 1/320. ಎರಡನೆಯ ಪರದೆ ಸುಮಾರು 3.1 ಮಿಲಿಸೆಕೆಂಡಿಗೇ ಹೊರಟುಬಿಡುತ್ತದೆ. ಮೊದಲನೆಯದು ಕೆಳಗೆ ತಲುಪಿ ಫ್ಲ್ಯಾಶಿಗೆ ಸೂಚನೆ ಹೋಗುವ ಹೊತ್ತಿಗೆ ಎರಡನೆಯದು ಸೆನ್ಸರಿನ ಮೇಲ್ಭಾಗದಲ್ಲಿ ಐದು ಮಿಲಿಮೀಟರಿಗಿಂತ ತುಸು ಹೆಚ್ಚು ಇಳಿದಿರುತ್ತದೆ. 24ರಲ್ಲಿ ಐದು, ಅಂದರೆ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟು ಭಾಗಕ್ಕೆ ಫ್ಲ್ಯಾಶಿನ ಬೆಳಕು ತಲುಪುವುದೇ ಇಲ್ಲ, ಪರದೆ ಅಡ್ಡ ಬಂದಿರುತ್ತದೆ. ಕಪ್ಪು ಪಟ್ಟಿ ಎಂದರೆ ಆ ಪರದೆಯ ನೆರಳು, ಬೇರೇನೂ ಅಲ್ಲ. 1/500ಕ್ಕೆ ಏರಿಸಿ, ಇದೇ ಲೆಕ್ಕದಲ್ಲಿ ಅರ್ಧ ಚಿತ್ರ ಹೋಗುತ್ತದೆ. 1/1000ಕ್ಕೆ ಮುಕ್ಕಾಲು ಹೋಗುತ್ತದೆ. ಏಕೆಂದರೆ ಅಂಥ ವೇಗಗಳಲ್ಲಿ ಸೆನ್ಸರ್ ಒಮ್ಮೆಯೂ ಪೂರ್ತಿ ತೆರೆಯುವುದಿಲ್ಲ. ಎರಡು ಪರದೆಗಳ ನಡುವಿನ ಒಂದು ಸೀಳು ಮೇಲಿನಿಂದ ಕೆಳಗೆ ಸಾಗುತ್ತದೆ, ಅಷ್ಟೇ. ಸಿಂಕ್ ಸ್ಪೀಡ್ ಎಂದರೆ ಇಡೀ ಸೆನ್ಸರ್ ಒಂದೇ ಸಲ ತೆರೆದಿರುವ ಅತ್ಯಂತ ವೇಗದ ಶಟರ್. ಅದು ಶಟರಿನ ಗುಣ, ಫ್ಲ್ಯಾಶಿನದಲ್ಲ.

ಪರದೆ ಸೆನ್ಸರಿನ ಮೇಲ್ಭಾಗವನ್ನು ಮುಚ್ಚಿದರೆ ಚಿತ್ರದ ಕೆಳಭಾಗ ಯಾಕೆ ಕಪ್ಪಾಯಿತು? ಲೆನ್ಸ್ ಒಳಗೆ ಬಿಂಬವನ್ನು ತಲೆಕೆಳಗಾಗಿ ಬೀಳಿಸುತ್ತದೆ. ಸೆನ್ಸರಿನ ಮೇಲಂಚಿನಲ್ಲಿ ಬಿದ್ದದ್ದು ನಮ್ಮ ಕಣ್ಣಿಗೆ ಚಿತ್ರದ ಕೆಳಂಚು. ಹಾಗಾಗಿ ಮುಖಗಳು ಉಳಿದವು, ಕೈಗಳು ಹೋದವು. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದಿದ್ದರೆ ಪಟ್ಟಿ ಪಕ್ಕಕ್ಕೆ ಬರುತ್ತಿತ್ತು, ಮದುಮಗನೋ ಮದುಮಗಳೋ ಒಬ್ಬರು ಕತ್ತಲಾಗುತ್ತಿದ್ದರು.

ತಪ್ಪು ಪರದೆಯದೇ ಎಂಬುದಕ್ಕೆ ಸಾಕ್ಷಿ ನಮ್ಮ ಹಳೆಯ ಸ್ಟುಡಿಯೊಗಳಲ್ಲಿದೆ. ಯಾಶಿಕಾ ಮ್ಯಾಟ್ 124ಜಿ ಥರದ ಎರಡು ಕಣ್ಣಿನ ಕ್ಯಾಮೆರಾದಲ್ಲಿ ಮದುವೆ ತೆಗೆದವರಿಗೆ ಈ ಪಟ್ಟಿಯ ಕಾಟವಿರಲಿಲ್ಲ. ಅದರ ಶಟರ್ ಲೆನ್ಸಿನೊಳಗೆ ಎಸಳುಗಳಂತೆ ಅರಳಿ ಮುಚ್ಚುತ್ತಿತ್ತು. 1/500ರವರೆಗೆ ಯಾವ ವೇಗದಲ್ಲೂ ಫ್ಲ್ಯಾಶ್ ಹಾಕಬಹುದಿತ್ತು. ಪೆಂಟ್ಯಾಕ್ಸ್ ಕೆ1000ರಲ್ಲಿ ಬಟ್ಟೆಯ ಪರದೆ ಅಡ್ಡಡ್ಡ ಓಡುತ್ತಿತ್ತು, 36 ಮಿಲಿಮೀಟರ್ ದಾಟಬೇಕಿತ್ತು. ಅದಕ್ಕೆ ಅದರ ಮಿತಿ 1/60, ದಾಟಿದರೆ ಪಟ್ಟಿ ನಿಂತುಕೊಂಡು ಬರುತ್ತಿತ್ತು. ಇತ್ತ 2023ರಲ್ಲಿ ಸೋನಿ ಪ್ರಕಟಿಸಿದ ಎ9 III ಕ್ಯಾಮೆರಾ ಇಡೀ ಸೆನ್ಸರನ್ನು ಒಂದೇ ಕ್ಷಣದಲ್ಲಿ ಓದುತ್ತದೆ, ಪರದೆಯ ಹಂಗಿಲ್ಲ. ಅದರಲ್ಲಿ ಸಿಂಕ್ ಮಿತಿಯ ಮಾತೇ ಇಲ್ಲ. ಫ್ಲ್ಯಾಶ್ ಮೂರಕ್ಕೂ ಒಂದೇ ಆಗಿದ್ದರೂ ಪಟ್ಟಿ ಬರುವುದು ಪರದೆ ಇರುವಲ್ಲಿ ಮಾತ್ರ.

ಈಗ ಜಗಳಕ್ಕೆ ಬರುತ್ತೇನೆ. ಮೊದಲನೆಯ ಸುಳ್ಳು: ವೇಗದ ಶಟರ್ ಚಲನೆಯನ್ನು ಹಿಡಿದು ನಿಲ್ಲಿಸುತ್ತದೆ.

ನಮ್ಮ ಫೋಟೋಗ್ರಾಫರ್ 1/320 ಯಾಕೆ ಇಟ್ಟರು ಎಂದು ಮೆಲ್ಲಗೆ ಕೇಳಿದೆ. "ಧಾರೆ ನೀರು ಬೀಳೋದು ಶಾರ್ಪಾಗಿ ಬರ್ಲಿ ಅಂತ ಸಾರ್, ಸ್ಪೀಡ್ ಏರಿಸಿದೆ" ಎಂದರು. ಎಂಥ ವಿಪರ್ಯಾಸ ನೋಡಿ. ನೀರನ್ನು ಹಿಡಿಯಲು ಏರಿಸಿದ ವೇಗವೇ ನೀರನ್ನು ನುಂಗಿತು. ಅದೂ ಅನಗತ್ಯವಾಗಿ. ಹಗಲು ಬೆಳಕಿನಲ್ಲಿ ಆ ನಿಯಮ ನಿಜ. ಬೆಳಕು ಸತತವಾಗಿರುವಾಗ ಶಟರ್ ಮಾತ್ರ ಅದನ್ನು ಕತ್ತರಿಸಬಲ್ಲದು. ಮಂಟಪದೊಳಗೆ ಹಾಗಲ್ಲ. ಕಲಶದಿಂದ ಒಂದು ಗೇಣು ಕೆಳಗೆ ಬಿದ್ದ ನೀರು ಸೆಕೆಂಡಿಗೆ ಸುಮಾರು ಎರಡು ಮೀಟರ್ ವೇಗದಲ್ಲಿರುತ್ತದೆ. 1/320 ಸೆಕೆಂಡಿನಲ್ಲಿ ಅದು ಆರು ಮಿಲಿಮೀಟರ್ ಚಲಿಸುತ್ತದೆ. ಅದೇ ಕಾಲು ಪವರ್‌ನಲ್ಲಿಟ್ಟ ಸಾಮಾನ್ಯ ಸ್ಪೀಡ್‌ಲೈಟ್ ಬೆಳಗುವುದು 1/2000 ಸೆಕೆಂಡಿನ ಆಸುಪಾಸು ಅಥವಾ ಇನ್ನೂ ಕಡಿಮೆ. ಅಷ್ಟರಲ್ಲಿ ನೀರು ಚಲಿಸುವುದು ಒಂದು ಮಿಲಿಮೀಟರ್. ನೀರನ್ನು ನಿಲ್ಲಿಸುವುದು ಫ್ಲ್ಯಾಶ್. ಶಟರ್ 1/125ರಲ್ಲಿದ್ದರೂ, 1/200ರಲ್ಲಿದ್ದರೂ ಅದಕ್ಕೆ ಸಂಬಂಧವಿಲ್ಲ.

ಸಂಬಂಧವಿಲ್ಲ ಎನ್ನಲು ಒಂದು ಷರತ್ತಿದೆ: ಆ ಸೆಟ್ಟಿಂಗಿನಲ್ಲಿ ಮಂಟಪದ ಸ್ವಂತ ಬೆಳಕು ಚಿತ್ರದಲ್ಲಿ ಹೆಚ್ಚು ಮೂಡಬಾರದು. ಅದನ್ನು ತಿಳಿಯುವುದು ಸುಲಭ. ಅದೇ ಶಟರ್, ಅದೇ ಅಪರ್ಚರ್, ಅದೇ ಐಎಸ್‌ಒ ಇಟ್ಟು ಫ್ಲ್ಯಾಶ್ ಆರಿಸಿ ಒಂದು ಫೋಟೋ ತೆಗೆಯಿರಿ. ಚಿತ್ರ ಹೆಚ್ಚುಕಡಿಮೆ ಕಪ್ಪಾಗಿ ಬಂದರೆ ನಿಮ್ಮ ಚಿತ್ರವನ್ನು ಬರೆಯುತ್ತಿರುವುದು ಫ್ಲ್ಯಾಶ್ ಒಂದೇ. ಆಗ ಶಟರ್ ಏರಿಸುವುದರಿಂದ ಬರುವ ಲಾಭ ಸೊನ್ನೆ. ನಮ್ಮ ಏಳು ಫೋಟೋಗಳಲ್ಲಿ ಈ ಪರೀಕ್ಷೆ ತಾನಾಗಿಯೇ ನಡೆದಿದೆ. ಆ ಕಪ್ಪು ಪಟ್ಟಿಯೇ ಫ್ಲ್ಯಾಶ್ ಇಲ್ಲದೆ ತೆಗೆದ ಫೋಟೋದ ಒಂದು ತುಂಡು. ಅದು ಅಷ್ಟು ಕಪ್ಪಾಗಿದೆ ಎಂಬುದೇ 1/320 ಬೇಕಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ.

"ಎಡಿಟಿಂಗ್‌ನಲ್ಲಿ ಎತ್ತಿಕೊಡ್ತೀನಿ" ಎಂಬ ಭರವಸೆ ಪೊಳ್ಳಾಗುವುದೂ ಇದೇ ಕಾರಣಕ್ಕೆ. ಆ ತುಂಡಿನಲ್ಲಿರುವುದು ಮಂಟಪದ ಹಳದಿ ದೀಪಗಳ ಅತಿ ಕಡಿಮೆ ಬೆಳಕು. ಎತ್ತಿದರೆ ಮರಳು ಚೆಲ್ಲಿದಂತೆ ಕಾಳುಕಾಳಾಗಿ, ಬಣ್ಣ ಬೇರೆಯಾಗಿ ಬರುತ್ತದೆ. ನಾವೂ ಎತ್ತಿಸಿ ನೋಡಿದೆವು. ಬೆಳ್ಳಗಿನ ಮುಖಗಳ ಕೆಳಗೆ ಕಂದು ಬಣ್ಣದ, ಯಾರದೋ ಕೈ. ಬಯಲಿನಲ್ಲಿ, ಬಿಸಿಲಿನಲ್ಲಿ ಇದೇ ತಪ್ಪು ಮಾಡಿದರೆ ಪಟ್ಟಿ ಅಷ್ಟಾಗಿ ಕಾಣುವುದೇ ಇಲ್ಲ, ಬಿಸಿಲೇ ಆ ಭಾಗವನ್ನು ತುಂಬಿರುತ್ತದೆ. ಅದಕ್ಕೇ ಎಷ್ಟೋ ಜನ ಹೊರಾಂಗಣದಲ್ಲಿ ವರ್ಷಗಟ್ಟಲೆ ತಪ್ಪು ಮಾಡಿಯೂ ಗೊತ್ತಾಗದೆ, ಮಂಟಪದೊಳಗೆ ಬಂದು ಸಿಕ್ಕಿಬೀಳುತ್ತಾರೆ.

ಎರಡನೆಯ ಸುಳ್ಳು: 1/200 ಎಂಬ ಅಂಕಿ ಬಾಯಿಪಾಠವಾದರೆ ಸಾಕು.

ಸಾಲದು. ಮೊದಲಿಗೆ, ಎಲ್ಲ ಕ್ಯಾಮೆರಾದ ಅಂಕಿ ಒಂದಲ್ಲ. ಕ್ಯಾನನ್ 6ಡಿಯ ಮಿತಿ 1/180, ನಿಕಾನ್ ಡಿ850ರದು 1/250. ಅದಕ್ಕಿಂತ ಮುಖ್ಯವಾದದ್ದು, ಕೈಪಿಡಿಯಲ್ಲಿರುವ ಅಂಕಿ ಕ್ಯಾಮೆರಾ ಮತ್ತು ಫ್ಲ್ಯಾಶ್ ನೇರ ಜೋಡಿಯಾಗಿದ್ದಾಗಿನದು. ಇಂದು ಮದುವೆಯಲ್ಲಿ ಫ್ಲ್ಯಾಶ್ ಕ್ಯಾಮೆರಾದ ತಲೆಯ ಮೇಲಿರುವುದು ಅಪರೂಪ. ಮೂಲೆಯಲ್ಲಿ ಸ್ಟ್ಯಾಂಡಿನ ಮೇಲಿರುತ್ತದೆ, ನಡುವೆ ರೇಡಿಯೊ ಟ್ರಿಗರ್. ಸೂಚನೆ ಹೊರಟು, ಗಾಳಿಯಲ್ಲಿ ಹೋಗಿ, ಅಲ್ಲಿ ಅರ್ಥವಾಗಿ, ಫ್ಲ್ಯಾಶ್ ಹತ್ತುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಗ್ಗದ ಟ್ರಿಗರ್ ಒಂದೂವರೆ ಮಿಲಿಸೆಕೆಂಡು ತಡ ಮಾಡಿತು ಎಂದಿಟ್ಟುಕೊಳ್ಳಿ. ನಮ್ಮ ಲೆಕ್ಕದಲ್ಲಿ 1/200ಕ್ಕೆ ಇದ್ದ ಬಯಲು ಒಂದೇ ಮಿಲಿಸೆಕೆಂಡಿನದು. ಫ್ಲ್ಯಾಶ್ ಹತ್ತುವಾಗ ಎರಡನೆಯ ಪರದೆ ಆಗಲೇ ಮೂರು ಮಿಲಿಮೀಟರ್ ಇಳಿದಿದೆ. ಚಿತ್ರದ ಎಂಟನೇ ಒಂದು ಭಾಗ ಕಪ್ಪು! ನಿಯಮ ಪಾಲಿಸಿದವನಿಗೇ ಶಿಕ್ಷೆ. ಕಾರಣ ಗೊತ್ತಿದ್ದವನು 1/160ಕ್ಕೆ ಇಳಿಸುತ್ತಾನೆ. ಅಲ್ಲಿ ಎರಡನೆಯ ಪರದೆ ಹೊರಡುವುದೇ ಸುಮಾರು 6.2 ಮಿಲಿಸೆಕೆಂಡಿಗೆ, ತಡವಾದ ಫ್ಲ್ಯಾಶಿಗೂ ಜಾಗವಿದೆ. ಅಂಕಿ ಮಾತ್ರ ಗೊತ್ತಿದ್ದವನು ಫ್ಲ್ಯಾಶನ್ನು ರಿಪೇರಿಗೆ ಕೊಡುತ್ತಾನೆ. ನಮ್ಮ ಫೋಟೋದಲ್ಲಿ ಪಟ್ಟಿ ಲೆಕ್ಕಕ್ಕಿಂತ ತುಸು ಅಗಲವಾಗಿ ಕಾಲು ಭಾಗವಾಗಿದ್ದಕ್ಕೂ ಇಂಥ ತಡವೇ ಕಾರಣವಿರಬೇಕು.

ಪಟ್ಟಿಯ ಅಂಚನ್ನು ನೋಡಿದರೂ ಬಹಳಷ್ಟು ತಿಳಿಯುತ್ತದೆ. ಅಂಚು ಗೆರೆ ಎಳೆದ ಹಾಗೆ ಸ್ಪಷ್ಟವಾಗಿದ್ದರೆ ಫ್ಲ್ಯಾಶ್ ಕ್ಷಣಾರ್ಧದಲ್ಲಿ ಮಿಂಚಿ ಆರಿದೆ, ಪರದೆ ಅಷ್ಟರಲ್ಲೇ ಅಲ್ಲಿತ್ತು. ಅಂಚು ಮೆಲ್ಲಗೆ ಮಸುಕಾಗುತ್ತ ಹೋಗಿದ್ದರೆ ಫ್ಲ್ಯಾಶ್ ನಿಧಾನವಾಗಿ ಆರುತ್ತಿದೆ, ಅದರ ಬಾಲವನ್ನು ಪರದೆ ಕತ್ತರಿಸುತ್ತಿದೆ. ದೊಡ್ಡ ಸ್ಟುಡಿಯೊ ಲೈಟುಗಳಲ್ಲಿ, ಫುಲ್ ಪವರ್‌ನಲ್ಲಿ ಹೀಗಾಗುವುದು ಹೆಚ್ಚು. ಒಂದರ ಬದಲು ಹಲವು ಪಟ್ಟಿಗಳು ಸಾಲಾಗಿ ಬಂದಿದ್ದರೆ, ಫ್ಲ್ಯಾಶ್ ಆರಿಸಿದರೂ ಅವು ಉಳಿದರೆ, ಅದು ಬೇರೆಯೇ ಕಥೆ. ವೇದಿಕೆಯ ಎಲ್‌ಇಡಿ ದೀಪಗಳ ಮಿಣುಕು ಅದು.

ಇಷ್ಟಾದರೂ ಕ್ಯಾಮೆರಾ ತಡೆಯಬೇಕಿತ್ತಲ್ಲವೇ ಎಂದು ಚಿಕ್ಕಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ಅದೇ ಕಂಪನಿಯ ಫ್ಲ್ಯಾಶನ್ನು ತಲೆಯ ಮೇಲೆ ಹಾಕಿದರೆ ಕ್ಯಾಮೆರಾ ತಾನೇ ಮಿತಿ ದಾಟಲು ಬಿಡುವುದಿಲ್ಲ. ಆದರೆ ಸರಳವಾದ ಟ್ರಿಗರಿನಲ್ಲಿ ನಡುವಿನ ಒಂದೇ ಪಿನ್ ಕೆಲಸ ಮಾಡುತ್ತದೆ. ಮೇಲೊಂದು ಫ್ಲ್ಯಾಶ್ ವ್ಯವಸ್ಥೆ ಇದೆ ಎಂಬುದೇ ಕ್ಯಾಮೆರಾಕ್ಕೆ ತಿಳಿಯದು. ಅಲ್ಲಿ ಕಾವಲುಗಾರ ಫೋಟೋಗ್ರಾಫರ್ ಒಬ್ಬನೇ.

ಮೂರನೆಯ ಸುಳ್ಳು ಅತ್ಯಂತ ದುಬಾರಿಯದು: ಹೈ ಸ್ಪೀಡ್ ಸಿಂಕ್ ಇರುವ ಫ್ಲ್ಯಾಶ್ ಕೊಂಡರೆ ಪಟ್ಟಿ ಹೋಗುತ್ತದೆ.

ಪಟ್ಟಿ ಹೋಗುವುದು ನಿಜ. ಅದಕ್ಕೆ ತೆರುವ ಬೆಲೆಯನ್ನು ಅಂಗಡಿಯಲ್ಲಿ ಹೇಳುವುದಿಲ್ಲ. ಈ ವಿಧಾನದಲ್ಲಿ ಫ್ಲ್ಯಾಶ್ ಒಮ್ಮೆ ಮಿಂಚುವ ಬದಲು, ಸೀಳು ಮೇಲಿನಿಂದ ಕೆಳಗೆ ಸಾಗಿ ಮುಗಿಯುವವರೆಗೂ ಅತಿ ವೇಗವಾಗಿ ಮಿಣುಕುತ್ತಲೇ ಇರುತ್ತದೆ. ಸೆನ್ಸರಿನ ಪಾಲಿಗೆ ಅದೊಂದು ಸತತ ದೀಪ. ಹಾಗಾಗಿ ಸೀಳಿನ ಮೂಲಕ ಹೋಗುವ ಬೆಳಕು ಮಾತ್ರ ಉಪಯೋಗಕ್ಕೆ, ಪರದೆಯ ಮೇಲೆ ಬಿದ್ದದ್ದೆಲ್ಲ ದಂಡ. ಸಾಮಾನ್ಯವಾಗಿ ಈ ವಿಧಾನಕ್ಕೆ ಕಾಲಿಟ್ಟ ಕೂಡಲೇ ಎರಡು ಸ್ಟಾಪ್ ಆಸುಪಾಸು ಹೋಗುತ್ತದೆ, ಅಂದರೆ ಉಳಿಯುವುದು ನಾಲ್ಕರಲ್ಲೊಂದು ಭಾಗದಷ್ಟು. ಆಮೇಲೆ ಶಟರ್ ಪ್ರತಿ ಬಾರಿ ದುಪ್ಪಟ್ಟಾದಾಗ ಮತ್ತೆ ಅರ್ಧ. ಚಾವಣಿಗೆ ತಿರುಗಿಸಿ ಬೆಳಕು ಹಾಯಿಸುವ ಮಂಟಪದಲ್ಲಿ ಈ ನಷ್ಟ ಭರಿಸಲು ಫ್ಲ್ಯಾಶ್ ಫುಲ್ ಪವರ್‌ನಲ್ಲಿ ದುಡಿಯಬೇಕು. ಬ್ಯಾಟರಿ ಬಿಸಿಯಾಗುತ್ತದೆ, ಮತ್ತೆ ತಯಾರಾಗಲು ಸೆಕೆಂಡುಗಳು ಬೇಕು, ಆ ಸೆಕೆಂಡಿನಲ್ಲೇ ಪುರೋಹಿತರು ನೀರು ಬಿಡಿಸಿರುತ್ತಾರೆ. ಇನ್ನೊಂದು ವಿಷಯ: ಫ್ಲ್ಯಾಶ್ ಸತತ ದೀಪವಾದ ಮೇಲೆ ಅದರ ಕ್ಷಣಾರ್ಧದ ಮಿಂಚಿನ ಗುಣವೂ ಹೋಯಿತು. 1/320ರಲ್ಲಿ ನೀರು ಈಗ ನಿಜವಾಗಿಯೂ ಆರು ಮಿಲಿಮೀಟರ್ ಮಸುಕಾಗುತ್ತದೆ. ನೀರು ಶಾರ್ಪಾಗಲಿ ಎಂದು ಹಣ ಕೊಟ್ಟು ಮಸುಕನ್ನು ಕೊಂಡಂತಾಯಿತು.

ಹೈ ಸ್ಪೀಡ್ ಸಿಂಕ್ ಕೆಟ್ಟದ್ದಲ್ಲ, ಅದರ ಜಾಗ ಬೇರೆ. ನಡುಮಧ್ಯಾಹ್ನ ಬಿಸಿಲಿನಲ್ಲಿ ಐಎಸ್‌ಒ 100 ಇಟ್ಟು 1/200ರಲ್ಲಿ ನಿಂತರೆ f/11 ಬೇಕು. ಹಿನ್ನೆಲೆ ಮಸುಕಾಗಲೆಂದು f/2.8 ಬಯಸಿದರೆ ಶಟರ್ 1/3200ಕ್ಕೆ ಏರಲೇಬೇಕು, ಮುಖದ ಮೇಲಿನ ನೆರಳು ತೆಗೆಯಲು ಫ್ಲ್ಯಾಶೂ ಬೇಕು. ಅದು ಈ ಸೌಲಭ್ಯ ಹುಟ್ಟಿದ ಸಂದರ್ಭ. ಅಲ್ಲಿಯೂ ಲೆನ್ಸಿಗೆ ನಾಲ್ಕು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿ 1/200ರಲ್ಲೇ ಉಳಿಯುವ ದಾರಿಯಿದೆ. ಬಿಸಿಲಿನ ಔಷಧವನ್ನು ಕತ್ತಲಿನ ರೋಗಿಗೆ ಮಾರುವುದು ಮಾತ್ರ ಮೋಸ.

ಇದನ್ನೆಲ್ಲ ಪುಣೆಯಲ್ಲಿ ಮದುವೆ ಫೋಟೋ ತೆಗೆಯುವ ಗೆಳೆಯನಿಗೆ ಹೇಳಿದಾಗ ಅವನು ನಕ್ಕ. "ಮುಹೂರ್ತದ ನೂಕುನುಗ್ಗಲಲ್ಲಿ ಮಿಲಿಸೆಕೆಂಡು ಎಣಿಸ್ತಾ ಕೂರಕ್ಕಾಗತ್ತೇನೋ? ನಮಗೆ ಒಂದು ನಿಯಮ ಸಾಕು." ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಹೂರ್ತದಲ್ಲಿ ಯಾರೂ ಎಣಿಸಬೇಕಿಲ್ಲ. ಹಿಂದಿನ ದಿನ ಎಣಿಸಬೇಕು. ಮಾರನೆಯ ದಿನ ಒಯ್ಯುವ ಅದೇ ಕ್ಯಾಮೆರಾ, ಅದೇ ಟ್ರಿಗರ್, ಅದೇ ಫ್ಲ್ಯಾಶ್ ಇಟ್ಟುಕೊಂಡು, ಕೋಣೆಯ ದೀಪ ಆರಿಸಿ, ಬಿಳಿ ಗೋಡೆಯ ಫೋಟೋ ತೆಗೆಯಲಿ. 1/100ರಿಂದ ಶುರುಮಾಡಿ 1/125, 1/160, 1/200, 1/250, 1/320. ಪವರ್ ಒಮ್ಮೆ ಕಡಿಮೆಯಿಟ್ಟು, ಒಮ್ಮೆ ಫುಲ್ ಇಟ್ಟು. ಗೋಡೆಯ ಕೆಳಂಚು ಮೊದಲು ಮಂಕಾಗುವುದು ಯಾವ ಅಂಕಿಯಲ್ಲೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಅವನ ಅಂಕಿ. ಕೈಪಿಡಿಯದಲ್ಲ, ಶಿಬಿರದ್ದಲ್ಲ, ಅವನ ಜೋಡಿಯದು. ಐದು ನಿಮಿಷದ ಕೆಲಸ. ಸಾವಿರಾರು ರೂಪಾಯಿ ಶುಲ್ಕ ಪಡೆಯುವ ಶಿಬಿರಗಳು ಒಂದು ಗೋಡೆಯನ್ನು ತೋರಿಸಿ ಈ ಐದು ನಿಮಿಷ ಕೊಡದೆ, "ಪ್ರೊ ಟಿಪ್" ಎಂದು ಅಂಕಿಗಳನ್ನು ಹಂಚುತ್ತಿವೆ. ತಪ್ಪಾದಾಗ ಕಾರಣ ತಿಳಿಯದ ಹುಡುಗ ಸಾಲ ಮಾಡಿ ಹೊಸ ಫ್ಲ್ಯಾಶ್ ಕೊಳ್ಳುತ್ತಾನೆ. ಹೊಸದೂ ಅದೇ ಪರದೆಯ ಹಿಂದೆ ಮಿಂಚುತ್ತದೆ.

ಚಿಕ್ಕಪ್ಪನಿಗೆ ಬಾಕಿ ಹಣ ಕೊಟ್ಟುಬಿಡಲು ಹೇಳಿದೆ, ಕೊಟ್ಟರು. ಫೋಟೋಗ್ರಾಫರನ್ನು ಕರೆಸಿ ನಮ್ಮ ಮನೆಯ ಗೋಡೆಯ ಮುಂದೆಯೇ ಆ ಪರೀಕ್ಷೆ ಮಾಡಿಸಿದೆ. ಆತನ ಜೋಡಿಯಲ್ಲಿ 1/200ಕ್ಕೇ ಕೆಳಗೆ ತೆಳ್ಳಗಿನ ನೆರಳಿತ್ತು, 1/160ಕ್ಕೆ ಗೋಡೆ ಪೂರ್ತಿ ಬೆಳ್ಳಗಾಯಿತು. ಆತ ತುಂಬ ಹೊತ್ತು ಆ ಎರಡು ಫೋಟೋ ನೋಡುತ್ತ ಕೂತಿದ್ದು, "ಎಂಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ ಸಾರ್, ಯಾರೂ ಹೇಳಿರ್ಲಿಲ್ಲ" ಎಂದರು. ರಿಪೇರಿಗೆ ಕೊಟ್ಟಿದ್ದ ಫ್ಲ್ಯಾಶ್ ವಾಪಸು ಬಂದಿತ್ತು. ಅದರಲ್ಲಿ ಏನೂ ದೋಷ ಸಿಕ್ಕಿರಲಿಲ್ಲ.

ಆಲ್ಬಮ್ಮಿನಲ್ಲಿ ಧಾರೆಯ ಫೋಟೋವನ್ನು ಪಟ್ಟಿ ಕತ್ತರಿಸಿ ಅಂಟಿಸಿದ್ದಾರೆ, ಮುಖಗಳು ಮಾತ್ರ ಇವೆ. ಅಜ್ಜಿ ಆ ಪುಟ ಬಂದಾಗಲೆಲ್ಲ ಫೋಟೋದ ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಟ್ಟು, ಬಂದವರಿಗೆ ತೋರಿಸುತ್ತಾರೆ: "ಇಲ್ಲಿ ನೀರು ಬಿಟ್ರು."